ಒಂದೇ ರಿಮೋಟ್‌ನಿಂದ ಟಿವಿ, ಸೆಟ್‌ಟಾಪ್ ಬಾಕ್ಸ್ ಮತ್ತು ಸೌಂಡ್‌ಬಾರ್: ಸಿಇಸಿ ಬಳಸಿದವರ ಅನುಭವ

ಮೂರು ರಿಮೋಟ್ (ಪ್ರಶ್ನೆ): ಟಿವಿಯ ರಿಮೋಟ್ ಒಂದರಿಂದಲೇ ಮೂರನ್ನೂ ನಡೆಸಬೇಕೆಂದು ಎಲ್ಲದರಲ್ಲೂ ಸಿಇಸಿ, ಅಂದರೆ ಎಚ್‌ಡಿಎಂಐ ಕೇಬಲ್‌ನ ಮೂಲಕ ಸಾಧನಗಳು ಒಂದಕ್ಕೊಂದು ಆಜ್ಞೆ ಕಳಿಸುವ ಏರ್ಪಾಟು, ಆನ್ ಮಾಡಿದ್ದೇನೆ. ಸೌಂಡ್‌ಬಾರ್‌ನಲ್ಲಿ ಶಬ್ದ ಬರುತ್ತದೆ, ಆದರೆ ಟಿವಿ ರಿಮೋಟ್‌ನಿಂದ ವಾಲ್ಯೂಮ್ ಬದಲಾಗುವುದಿಲ್ಲ. ಅಲ್ಲದೆ ಟಿವಿ ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಮತ್ತೆ ಆನ್ ಆಗುತ್ತದೆ. ಬಳಸಿದವರು ದಯವಿಟ್ಟು ತಿಳಿಸಿ.

ಹೊಸ ಕೇಬಲ್: ನಿಮ್ಮ ಎಚ್‌ಡಿಎಂಐ ಕೇಬಲ್ ಹಳೆಯದಿರಬೇಕು. 2.1 ಎಂದು ಬರೆದಿರುವ ಕೇಬಲ್ ತಂದು ಹಾಕಿದರೆ ಎರಡೂ ಸರಿಹೋಗುತ್ತವೆ. ನನಗೆ ಕೇಬಲ್ ಬದಲಿಸಿದ ಮೇಲೆಯೇ ಸರಿಯಾಯಿತು.

ಹಳೆಯ ರಿಪೇರಿಗಾರ: ಕೇಬಲ್ ಕೆಟ್ಟಿದ್ದರೆ ಬದಲಿಸಬೇಕು ಎಂಬುದು ನಿಜ, ಆದರೆ ಅದರ ಆವೃತ್ತಿಗೂ ಸಿಇಸಿಗೂ ಸಂಬಂಧ ಕಡಿಮೆ. ಈ ಆಜ್ಞೆಗಳೆಲ್ಲ ಕನೆಕ್ಟರ್‌ನ 13ನೇ ಪಿನ್‌ನ ಒಂದೇ ತಂತಿಯ ಮೇಲೆ, ಸೆಕೆಂಡಿಗೆ ಸುಮಾರು 400 ಬಿಟ್‌ಗಳ ಆಮೆವೇಗದಲ್ಲಿ ಹೋಗುತ್ತವೆ. ಚಿತ್ರದ ತಂತಿಗಳು ಬೇರೆಯೇ ಆಗಿರುವುದರಿಂದ, ಚಿತ್ರ ಚೆನ್ನಾಗಿ ಬರುತ್ತಿದೆ ಎಂದ ಮಾತ್ರಕ್ಕೆ ಸಿಇಸಿ ಕೆಲಸ ಮಾಡುತ್ತಿದೆ ಎನ್ನಲಾಗದು. ನನ್ನ ಅನುಮಾನ ಬೇರೆ: ಸೌಂಡ್‌ಬಾರ್‌ಗೆ ಶಬ್ದ ಹೋಗುತ್ತಿರುವುದು ಆಪ್ಟಿಕಲ್ ಕೇಬಲ್‌ನಿಂದಲೇ? ಹಾಗಿದ್ದರೆ ಅದು ಶಬ್ದವನ್ನಷ್ಟೇ ಒಯ್ಯುತ್ತದೆ, ವಾಲ್ಯೂಮ್‌ನ ಆಜ್ಞೆಯನ್ನು ಒಯ್ಯುವುದಿಲ್ಲ. ಟಿವಿಯಲ್ಲಿ "ARC" ಅಥವಾ "eARC" ಎಂದು ಬರೆದಿರುವ ಪೋರ್ಟ್‌ನಿಂದ ಸೌಂಡ್‌ಬಾರ್‌ನ ಅದೇ ಹೆಸರಿನ ಪೋರ್ಟ್‌ಗೆ ಎಚ್‌ಡಿಎಂಐ ಕೇಬಲ್ ಜೋಡಿಸಿ, ಟಿವಿಯ ಸೌಂಡ್ ಔಟ್‌ಪುಟ್ ಅನ್ನು ಅದಕ್ಕೆ ಬದಲಿಸಿ ನೋಡಿ. ಟಿವಿಯ ಮೆನುವಿನಲ್ಲಿ ಸಿಇಸಿ ಎಂಬ ಹೆಸರೇ ಇಲ್ಲದಿರಬಹುದು. ಒಂದು ಕಂಪನಿ "Anynet+" ಎಂದರೆ ಇನ್ನೊಂದು "Simplink" ಎನ್ನುತ್ತದೆ, ಮತ್ತೊಂದು "Bravia Sync" ಎನ್ನುತ್ತದೆ.

ಮೂರು ರಿಮೋಟ್: ತಾವು ಊಹಿಸಿದ್ದು ಸರಿ, ಆಪ್ಟಿಕಲ್ ಕೇಬಲ್ಲೇ ಇತ್ತು. ಪೋರ್ಟ್ ಬದಲಿಸಿದ ಕೂಡಲೇ ವಾಲ್ಯೂಮ್ ಕೆಲಸ ಮಾಡಿತು. ಆದರೆ ಟಿವಿ ಈಗಲೂ ತಾನಾಗಿ ಆನ್ ಆಗುತ್ತಿದೆ.

ಸಂಜೆಯ ಪ್ರೇಕ್ಷಕಿ: ಇಷ್ಟೆಲ್ಲ ತೊಂದರೆ ಏಕೆ? ಎಲ್ಲ ರಿಮೋಟ್‌ಗಳ ಸಂಕೇತಗಳನ್ನು ಕಲಿತುಕೊಳ್ಳುವ ಯೂನಿವರ್ಸಲ್ ರಿಮೋಟ್ ಕೊಂಡರೆ ಆಯಿತಲ್ಲ. ನನ್ನ ಬಾಕ್ಸ್‌ಗೆ ಸಿಇಸಿ ಇಲ್ಲವೇ ಇಲ್ಲ, ಹಾಗಾಗಿ ನಾನು ಅದನ್ನೇ ಬಳಸುತ್ತೇನೆ.

ಹಳೆಯ ರಿಪೇರಿಗಾರ: ಬಾಕ್ಸ್‌ಗೆ ಸಿಇಸಿ ಇಲ್ಲದವರಿಗೆ ಅದು ಸರಿಯಾದ ದಾರಿಯೇ, ಆದರೆ ಇಲ್ಲಿ ಟಿವಿಯನ್ನು ಎಬ್ಬಿಸುತ್ತಿರುವುದು ಯಾರೆಂದು ಮೊದಲು ತಿಳಿಯಬೇಕು. ಯಾವುದೇ ಸಾಧನ ಎದ್ದು "ಈಗ ನನ್ನ ಚಿತ್ರ ತೋರಿಸು" ಎಂದು ಆ ತಂತಿಯ ಮೇಲೆ ಹೇಳಿದರೆ, ಟಿವಿ ತಾನೂ ಎದ್ದು ಆ ಇನ್‌ಪುಟ್‌ಗೆ ತಿರುಗುತ್ತದೆ. ಅನುಕೂಲಕ್ಕೆಂದು ಮಾಡಿದ ಏರ್ಪಾಟೇ ಇಲ್ಲಿ ಕಾಟವಾಗಿದೆ. ನನ್ನ ಮನೆಯ ಬಾಕ್ಸ್, ಟಿವಿ ಆಫ್ ಆದಾಗ ಸ್ಟ್ಯಾಂಡ್‌ಬೈಗೆ ಹೋಗುತ್ತಿತ್ತು, ಸ್ವಲ್ಪ ಹೊತ್ತಿಗೆ ಏನೋ ಕಾರಣಕ್ಕೆ ರೀಸ್ಟಾರ್ಟ್ ಆಗುತ್ತಿತ್ತು, ಆನ್ ಆಗುವಾಗ ಇದೇ ಮಾತನ್ನು ಹೇಳುತ್ತಿತ್ತು. ಪರೀಕ್ಷೆ ಸುಲಭ. ಇಂದು ಟಿವಿ ಆಫ್ ಮಾಡುವ ಮೊದಲು ಬಾಕ್ಸ್‌ನ ಎಚ್‌ಡಿಎಂಐ ಕೇಬಲ್ ಕಳಚಿಡಿ, ನಾಳೆ ಅದನ್ನು ಹಾಕಿ ಸೌಂಡ್‌ಬಾರ್‌ನದನ್ನು ಕಳಚಿ. ಸ್ಟ್ಯಾಂಡ್‌ಬೈನಲ್ಲಿರುವ ಸಾಧನವೂ ಆ ತಂತಿಯ ಮೇಲೆ ಮಾತನಾಡಬಲ್ಲದು, ಆದ್ದರಿಂದ ಆಫ್ ಮಾಡಿದರೆ ಸಾಲದು, ಕೇಬಲ್ಲನ್ನೇ ಕಳಚಬೇಕು.

ಹೊಸ ಕೇಬಲ್: ಟಿವಿಯಲ್ಲೇ ಸಿಇಸಿ ಆಫ್ ಮಾಡಿದರೆ ಕಾಟ ತಪ್ಪುತ್ತದೆ. ನನ್ನ ಟಿವಿಯಲ್ಲಿ ಹಾಗೆ ಮಾಡಿದ ಮೇಲೂ ಸೌಂಡ್‌ಬಾರ್‌ನಲ್ಲಿ ಶಬ್ದ ಬರುತ್ತಲೇ ಇದೆ.

ಹಳೆಯ ರಿಪೇರಿಗಾರ: ನಿಮ್ಮದು ಬಹುಶಃ "eARC" ಇರಬೇಕು. ಅದು ಶಬ್ದದ ಹೊಂದಾಣಿಕೆಯನ್ನು ಬೇರೆ ಹಾದಿಯಲ್ಲಿ ಮಾಡಿಕೊಳ್ಳುತ್ತದೆ, ಆದರೆ ವಾಲ್ಯೂಮ್ ಗುಂಡಿಯ ಆಜ್ಞೆ ಹೋಗುವುದು ಸಿಇಸಿಯಿಂದಲೇ. ಸಾಮಾನ್ಯ "ARC" ಆಗಿದ್ದರೆ ಸಿಇಸಿ ಆಫ್ ಮಾಡಿದಾಗ ಹೆಚ್ಚಿನ ಟಿವಿಗಳಲ್ಲಿ ಶಬ್ದವೂ ನಿಲ್ಲುತ್ತದೆ. ಟಿವಿಯನ್ನು ಮುಟ್ಟದೆ, ತಪ್ಪು ಮಾಡುತ್ತಿರುವ ಸಾಧನದಲ್ಲಿ ಟಿವಿ ಎಬ್ಬಿಸುವ ಆಯ್ಕೆಯೊಂದನ್ನೇ ಆಫ್ ಮಾಡುವುದು ಒಳ್ಳೆಯದು.

ಮೂರು ರಿಮೋಟ್: ಎರಡು ರಾತ್ರಿ ಪರೀಕ್ಷಿಸಿದೆ. ಬಾಕ್ಸ್‌ನ ಕೇಬಲ್ ಕಳಚಿದ್ದ ರಾತ್ರಿ ಟಿವಿ ಎದ್ದೇಳಲಿಲ್ಲ. ಸೌಂಡ್‌ಬಾರ್‌ನದು ಕಳಚಿದ್ದ ರಾತ್ರಿ ಎದ್ದಿತು. ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡು ಆಯ್ಕೆಗಳಿದ್ದವು: ಬಾಕ್ಸ್ ಆನ್ ಆದಾಗ ಟಿವಿಯನ್ನೂ ಆನ್ ಮಾಡುವುದು ಒಂದು, ಟಿವಿ ಆಫ್ ಆದಾಗ ಬಾಕ್ಸ್ ಕೂಡ ಆಫ್ ಆಗುವುದು ಇನ್ನೊಂದು. ಮೊದಲನೆಯದನ್ನು ಮಾತ್ರ ತೆಗೆದುಹಾಕಿದೆ. ಆಮೇಲೆ ಟಿವಿ ತಾನಾಗಿ ಆನ್ ಆಗಿಲ್ಲ. ಈಗ ಉಳಿದಿರುವುದು ಒಂದೇ: ಟಿವಿ ರಿಮೋಟ್‌ನ ಬಾಣದ ಗುಂಡಿಗಳೂ ಓಕೆ ಗುಂಡಿಯೂ ಬಾಕ್ಸ್‌ಗೆ ತಲುಪುತ್ತವೆ, ಅಂಕಿಗಳ ಗುಂಡಿಗಳು ತಲುಪುವುದಿಲ್ಲ.

ಹಳೆಯ ರಿಪೇರಿಗಾರ: ಯಾವ ಗುಂಡಿಗಳನ್ನು ದಾಟಿಸಬೇಕೆಂದು ಟಿವಿ ನಿರ್ಧರಿಸುತ್ತದೆ, ಬಂದವುಗಳಲ್ಲಿ ಯಾವುದಕ್ಕೆ ಬಗ್ಗಬೇಕೆಂದು ಬಾಕ್ಸ್ ನಿರ್ಧರಿಸುತ್ತದೆ. ನಿಮ್ಮಲ್ಲಿ ಅಂಕಿಗಳನ್ನು ತಡೆಯುತ್ತಿರುವುದು ಇವೆರಡರಲ್ಲಿ ಯಾವುದೆಂದು ಇಲ್ಲಿಂದ ಹೇಳಲಾರೆ. ಅದೇ ಟಿವಿಗೆ ಬೇರೆ ಬಾಕ್ಸ್ ಜೋಡಿಸಿ ನೋಡಲು ಸಾಧ್ಯವಾದರೆ ತಿಳಿಯುತ್ತದೆ.

ಸಂಜೆಯ ಪ್ರೇಕ್ಷಕಿ: ಅಲ್ಲಿಯವರೆಗೆ ಓಕೆ ಒತ್ತಿ ಚಾನೆಲ್‌ಗಳ ಪಟ್ಟಿ ಬರುತ್ತದೆಯೇ ನೋಡಿ, ಬಂದರೆ ಬಾಣದ ಗುಂಡಿಗಳಿಂದಲೇ ಬೇಕಾದಲ್ಲಿಗೆ ಹೋಗಬಹುದು.