ಸಹಾಯ ಬೇಕು: ಮಿಶ್ರ ಮೇವಿನಲ್ಲಿ ಹಸುಗಳು ಹಿಂಡಿಯನ್ನಷ್ಟೇ ಆರಿಸಿ ತಿನ್ನುತ್ತಿವೆ

ಶಿರಸಿ ಸಮೀಪದ ನಮ್ಮ ಕೊಟ್ಟಿಗೆಯಲ್ಲಿ ನಾಲ್ಕು ಮಿಶ್ರತಳಿ ಹಸುಗಳಿವೆ. ಮೊದಲು ಹಾಲು ಕರೆಯುವಾಗ ಹಿಂಡಿಯನ್ನೂ ಆಮೇಲೆ ಹುಲ್ಲನ್ನೂ ಬೇರೆಬೇರೆ ಕೊಡುತ್ತಿದ್ದೆವು. ಬರಿಹೊಟ್ಟೆಗೆ ಒಮ್ಮೆಲೇ ಹೆಚ್ಚು ಹಿಂಡಿ ಬಿದ್ದರೆ ಹೊಟ್ಟೆಯಲ್ಲಿ ಹುಳಿ ಏರಿ ಹಾಲಿನ ಜಿಡ್ಡು ಇಳಿಯುತ್ತದೆ ಎಂದು ತಿಳಿದು, ಈಗ ಹಸುವೊಂದಕ್ಕೆ 15 ಕಿಲೋ ನೇಪಿಯರ್, 4 ಕಿಲೋ ಒಣಹುಲ್ಲು, 4 ಕಿಲೋ ಹಿಂಡಿಯನ್ನು ನೆಲದ ಮೇಲೆ ಸಲಿಕೆಯಿಂದ ಕಲಸಿ ಕೊಡುತ್ತಿದ್ದೇವೆ.

ಆದರೆ ಹಸುಗಳು ಮೂತಿಯಿಂದ ಹುಲ್ಲನ್ನು ಬದಿಗೆ ತಳ್ಳಿ ತಳದ ಹಿಂಡಿಯನ್ನು ನೆಕ್ಕುತ್ತವೆ. ಸಂಜೆ ಗೋದಲಿಯಲ್ಲಿ ಗೇಣುದ್ದದ ಒಣಹುಲ್ಲಷ್ಟೇ ಉಳಿದಿರುತ್ತದೆ. ನೀರು ಚಿಮುಕಿಸಿದಾಗ ಹಿಂಡಿ ಅಂಟಿತಾದರೂ, ಈ ಮಳೆಗಾಲದ ಸೆಕೆಗೆ ಮಧ್ಯಾಹ್ನದೊಳಗೆ ರಾಶಿ ಬಿಸಿಯಾಗಿ ಹುಳಿವಾಸನೆ ಬಂತು. ಹುಲ್ಲನ್ನು ತೀರಾ ಸಣ್ಣಗೆ ಹೆಚ್ಚಿದರೆ ಮೆಲುಕು ಕಡಿಮೆಯಾದೀತೆಂಬ ಅಂಜಿಕೆಯೂ ಇದೆ.

ಯಂತ್ರವಿಲ್ಲದೆ ಕೈಯಲ್ಲೇ ಕಲಸುವವರು ಒಣಹುಲ್ಲನ್ನು ಎಷ್ಟು ಉದ್ದಕ್ಕೆ ಕತ್ತರಿಸುತ್ತೀರಿ, ಈ ಅಳತೆಗೆ ಎಷ್ಟು ನೀರು ಹಾಕುತ್ತೀರಿ, ದಿನಕ್ಕೆ ಎಷ್ಟು ಸಲ ಕಲಸುತ್ತೀರಿ?