ಟಿವಿಯ ಧ್ವನಿ ಬೇರೆ ಕೋಣೆಗಳಿಗೆ: ಮಾಡಿಕೊಂಡವರ ಅನುಭವ

ಪ್ರಶ್ನೆ: ನಡುಮನೆಯ ಟಿವಿಯ ಧ್ವನಿ ಅಡುಗೆಮನೆಯಲ್ಲೂ ಅಮ್ಮನ ಕೋಣೆಯಲ್ಲೂ ವೈರ್ ಎಳೆಯದೆ ಕೇಳಿಸಬೇಕು. ಮಾಡಿಕೊಂಡವರು ದಯವಿಟ್ಟು ತಿಳಿಸಿ.

ತೀರ್ಥಹಳ್ಳಿಯವರು: ಬ್ಲೂಟೂತ್ ಸ್ಪೀಕರ್ ಎರಡಕ್ಕೆ 8,400, ಏಕಕಾಲಕ್ಕೆ ಎರಡಕ್ಕೂ ಕಳಿಸುವ ಟ್ರಾನ್ಸ್‌ಮಿಟರಿಗೆ 2,600, ಆಪ್ಟಿಕಲ್ ಕೇಬಲಿಗೆ 400 ರೂಪಾಯಿ ಕೊಟ್ಟೆ. ಎರಡು ದಿನ ಸದ್ದೇ ಇರಲಿಲ್ಲ. ಮಾರಿದವನು ಬಂದು, ಕೇಬಲ್ ಬದಲಿಸಿ, ಮುನ್ನೂರು ರೂಪಾಯಿ ತೆಗೆದುಕೊಂಡು ಹೋದ; ಆಗಲೂ ಇಲ್ಲ. ಟಿವಿಯಿಂದ ಧ್ವನಿ ಡಾಲ್ಬಿ ಎಂಬ ಸಂಕೇತರೂಪದಲ್ಲಿ ಹೋಗುತ್ತಿತ್ತು, ಟ್ರಾನ್ಸ್‌ಮಿಟರಿಗೆ ಅದು ತಿಳಿಯುತ್ತಿರಲಿಲ್ಲ. ಟಿವಿಯ ಮೆನುವಿನಲ್ಲಿ PCM ಎಂಬ ಸರಳ ರೂಪವನ್ನು ಆರಿಸಿದೊಡನೆ ಧ್ವನಿ ಬಂತು. ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತರೆ ವಾರ್ತೆಯ ಪ್ರತಿಯೊಂದು ಮಾತೂ ಎರಡೆರಡು ಸಲ ಕೇಳಿಸುತ್ತಿತ್ತು, ಏಕೆಂದರೆ ಸಾಮಾನ್ಯ ಬ್ಲೂಟೂತಿನಲ್ಲಿ ಧ್ವನಿ ಸುಮಾರು 200 ಮಿಲಿಸೆಕೆಂಡ್ ತಡವಾಗುತ್ತದೆ. ಟ್ರಾನ್ಸ್‌ಮಿಟರಿನಲ್ಲಿ ಈ ತಡವನ್ನು ಕಡಿಮೆ ಮಾಡುವ ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಇತ್ತು, ಸ್ಪೀಕರಿನಲ್ಲಿ ಇರಲಿಲ್ಲ. ಎರಡೂ ಕಡೆ ಇಲ್ಲದಿದ್ದರೆ ಅದು ಕೆಲಸಕ್ಕೆ ಬಾರದು. ಕೊನೆಗೆ ಅದೇ ಸೌಲಭ್ಯದ ರಿಸೀವರ್ ಎರಡನ್ನು 3,800 ಕೊಟ್ಟು ತಂದು ಸ್ಪೀಕರುಗಳ ಆಕ್ಸ್ ಕಿಂಡಿಗೆ ಸಿಕ್ಕಿಸಿದೆ. ತಡ 40 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯಿತು, ಎರಡು ಸಲ ಕೇಳಿಸುವುದು ನಿಂತಿತು.

ಹುಬ್ಬಳ್ಳಿಯವರು: ಹದಿನೈದು ಸಾವಿರ ಸುಮ್ಮನೆ ಸುರಿದಿರಿ. ಟಿವಿಯ ಮೆನುವಿನಲ್ಲಿ ಧ್ವನಿಯನ್ನು ಚಿತ್ರಕ್ಕೆ ಹೊಂದಿಸುವ ಆಯ್ಕೆ ಇರುತ್ತದೆ. ನಾನು ಅದರಿಂದಲೇ, ಒಂದು ರೂಪಾಯಿ ಖರ್ಚಿಲ್ಲದೆ, ಸರಿಮಾಡಿಕೊಂಡೆ.

ತೀರ್ಥಹಳ್ಳಿಯವರು: ಆ ಆಯ್ಕೆ ಧ್ವನಿಯನ್ನು ಹಿಂದಕ್ಕೆ ತಳ್ಳುತ್ತದೆಯೇ ಹೊರತು ಮುಂದಕ್ಕೆ ತರುವುದಿಲ್ಲ. ಈಗಾಗಲೇ ತಡವಾದದ್ದನ್ನು ಇನ್ನಷ್ಟು ತಡಮಾಡಿ ಏನು ಸರಿಮಾಡಿಕೊಂಡಿರಿ?

ಹುಬ್ಬಳ್ಳಿಯವರು: ತಡಮಾಡಿದ್ದು ಟಿವಿಯ ಸ್ವಂತ ಸ್ಪೀಕರನ್ನು, ಸ್ವಾಮಿ. ಎರಡೂ ಒಟ್ಟಿಗೆ ಕೇಳಿಸುತ್ತವೆ.

ತೀರ್ಥಹಳ್ಳಿಯವರು: ಹಾಗಿದ್ದರೆ ನಡುಮನೆಯಲ್ಲಿ ಕುಳಿತವರಿಗೆ ತುಟಿ ಮುಚ್ಚಿದ ಮೇಲೆ ಮಾತು ಕೇಳಿಸುತ್ತಿರಬೇಕು.

ಹುಬ್ಬಳ್ಳಿಯವರು: ನಮ್ಮ ಮನೆಯಲ್ಲಿ ಯಾರೂ ತುಟಿ ನೋಡುತ್ತಾ ಕೂರುವುದಿಲ್ಲ.

ಉಡುಪಿಯವರು: ನಾನು ವೈಫೈ ಸ್ಪೀಕರ್ ಮೂರು ತಂದು ಗುಂಪು ಮಾಡಿದೆ, 21,000 ಆಯಿತು. ಹಾಡು ಹಾಕಿದರೆ ಮೂರೂ ಕೋಣೆ ಒಂದೇ ಉಸಿರು. ಟಿವಿ ಹಾಕಿದರೆ ಮಾತ್ರ ಎರಡು ಸೆಕೆಂಡ್ ಹಿಂದೆ, ಏಕೆಂದರೆ ಮೂರೂ ಜೊತೆಯಾಗಿ ನಡೆಯಲೆಂದು ಅವು ಧ್ವನಿಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ಬಿಡುತ್ತವೆ. ಕ್ರಿಕೆಟ್ಟಿನಲ್ಲಿ ವಿಕೆಟ್ ಬಿದ್ದು ನಡುಮನೆಯವರು ಕೂಗಿ ಮುಗಿಸಿದ ಮೇಲೆ ಅಡುಗೆಮನೆಯಲ್ಲಿ ಬೌಲರ್ ಓಡಿ ಬರುತ್ತಾನೆ.

ಮೈಸೂರಿನವರು: ಮನೆ ಕಟ್ಟುವಾಗಲೇ ಗೋಡೆಯ ಪೈಪಿನಲ್ಲಿ ಸ್ಪೀಕರ್ ವೈರ್ ಹಾಕಿಸಿದ್ದೆ, 900 ರೂಪಾಯಿ. ತಡವೆಂಬ ಮಾತೇ ಇಲ್ಲ.

ಉಡುಪಿಯವರು: ವೈರ್ ಬೇಡವೆಂದೇ ಅವರು ಕೇಳಿದ್ದಲ್ಲವೇ? ಪ್ರಶ್ನೆಯನ್ನು ಓದಿ ಬರೆಯಿರಿ.

ಮೈಸೂರಿನವರು: ಓದಿಯೇ ಬರೆದೆ. 21,000 ಕೊಟ್ಟವರಿಗೆ ನೋವಾಗಿದ್ದರೆ ಕ್ಷಮಿಸಿ.

ತೀರ್ಥಹಳ್ಳಿಯವರು: ಕೇಳಿದವರೇ, ಅಮ್ಮನ ಕೋಣೆಗೂ ಟಿವಿಗೂ ನಡುವೆ ಎಷ್ಟು ಗೋಡೆಗಳಿವೆ? ನಮ್ಮಲ್ಲಿ ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ ಎರಡು ದಾಟುವಷ್ಟರಲ್ಲಿ ಧ್ವನಿ ತುಂಡು ತುಂಡಾಗುತ್ತದೆ; ರಿಸೀವರನ್ನು ಬಾಗಿಲಿನ ನೇರಕ್ಕೆ ಇಟ್ಟ ಮೇಲೂ ಫ್ರಿಜ್ಜಿನ ಮುಂದೆ ಯಾರಾದರೂ ನಿಂತರೆ ಕಡಿದುಹೋಗುತ್ತದೆ.