ಪಿಂಚಣಿ ಹಣದಲ್ಲಿ ಮದ್ದಿನ ಖರ್ಚು ಹೊಂದಿಸುವುದು ಹೇಗೆ?

ಪ್ರಶ್ನೆ (ಬದಿಯಡ್ಕದಿಂದ): ನಾನು ಕನ್ನಡ ಶಾಲೆಯಲ್ಲಿ ಮಾಸ್ಟ್ರಾಗಿದ್ದವನು. ಕೈಗೆ ಬರುವ ಪಿಂಚಣಿ 31,000. ಮನೆಯಲ್ಲಿ ನಾವಿಬ್ಬರೇ. ಇಬ್ಬರಿಗೂ ಸಕ್ಕರೆ, ಬಿಪಿ. ಅವಳಿಗೆ ಥೈರಾಯ್ಡ್ ಬೇರೆ. ಲೆಕ್ಕ ಹಾಕಿದರೆ ಉಳಿಯಬೇಕು, ಆದರೆ ಮೂರು ತಿಂಗಳಿಗೊಮ್ಮೆ ಸಾಲ ಕೇಳುವ ಹಾಗಾಗುತ್ತದೆ. ನೀವೆಲ್ಲ ಹೇಗೆ ಮಾಡುತ್ತೀರಿ?

ಕುಂಬಳೆಯಿಂದ, ನಿವೃತ್ತ ಗುಮಾಸ್ತ:
ಮಾಸ್ಟ್ರೇ, ನನ್ನದೂ ಇದೇ ಕತೆಯಾಗಿತ್ತು. ತಿಂಗಳಿಗೆ ಮದ್ದಿಗೆ 5,400 ಅಂತ ಬಾಯಲ್ಲಿ ಹೇಳುತ್ತಿದ್ದೆ. ಹಳೇ ಡೈರಿಯಲ್ಲಿ ಒಂದು ವರ್ಷ ಎಲ್ಲ ಬಿಲ್ ಬರೆದಿಟ್ಟೆ. ಮಾತ್ರೆ 64,800. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮತ್ತು ಡಾಕ್ಟರ ಫೀಸು, ಒಟ್ಟು 16,800. ಅದಕ್ಕಾಗಿ ಮಂಗಳೂರಿಗೆ ಕಾರು ಮಾಡಿ ನಾಲ್ಕು ಸಲ ಹೋದದ್ದು 8,000. ಹಲ್ಲು, ಕನ್ನಡಕ 14,000. ಕೂಡಿಸಿದರೆ 1,03,600, ಅಂದರೆ ತಿಂಗಳಿಗೆ 8,600ರ ಮೇಲೆ! ನಾನು 5,400 ಅಂದುಕೊಂಡೇ ಮನೆ ನಡೆಸುತ್ತಿದ್ದೆ. ಸಾಲ ಬಂದದ್ದು ಈ ವ್ಯತ್ಯಾಸದಿಂದ. ನಿಮ್ಮದೂ ಮೂರು ತಿಂಗಳಿಗೊಮ್ಮೆ ಅಂದಿರಲ್ಲ, ಪರೀಕ್ಷೆಯ ತಿಂಗಳು ಯಾವುದು ಅಂತ ಒಮ್ಮೆ ನೋಡಿ.

ಈಗ ಪಿಂಚಣಿ ಬಂದ ದಿನವೇ ಮದ್ದಿನ ಪಾಲನ್ನು ಇನ್ನೊಂದು ಉಳಿತಾಯ ಖಾತೆಗೆ ಹಾಕುತ್ತೇನೆ. ಮಾತ್ರೆ, ಪರೀಕ್ಷೆ, ಪ್ರಯಾಣ ಎಲ್ಲ ಅದರಿಂದಲೇ. ಪರೀಕ್ಷೆ ಇಲ್ಲದ ತಿಂಗಳು ಅಲ್ಲಿ ಹಣ ಉಳಿಯುತ್ತದೆ. ಅದನ್ನು ಮುಟ್ಟಬಾರದು, ಅಷ್ಟೇ ಕಷ್ಟ.

ಪೆರ್ಲದಿಂದ:
ಸುಮ್ನೆ ಯಾಕೆ ಇಷ್ಟು ಲೆಕ್ಕ? ಜನೌಷಧಿ ಅಂಗಡಿಗೆ ಹೋಗಿ ಎಲ್ಲ ಮಾತ್ರೆ ಬದಲಿಸಿ. ನಾನು ಬದಲಿಸಿದೆ, ಬಿಲ್ ಅರ್ಧ ಆಯಿತು.

ಕುಂಬಳೆಯಿಂದ:
ಅಣ್ಣಾ, ಬೆಲೆಯ ಮಾತು ಸರಿ, ‘ಎಲ್ಲ’ ಅನ್ನುವುದು ಸರಿಯಲ್ಲ. ಕಂಪೆನಿಯ ಹೆಸರಲ್ಲ, ಒಳಗಿನ ಮದ್ದಿನ ಹೆಸರು ಬರೆದುಕೊಡಿ ಅಂತ ಡಾಕ್ಟರನ್ನೇ ಕೇಳಿದೆ. ನಮ್ಮಿಬ್ಬರ ಏಳು ಮಾತ್ರೆಗಳಲ್ಲಿ ನಾಲ್ಕು ಬದಲಾದವು. 5,400 ಇದ್ದದ್ದು 3,300ಕ್ಕೆ ಇಳಿಯಿತು. ಈಗ ಆ ಖಾತೆಗೆ ಹಾಕುವುದು ತಿಂಗಳಿಗೆ 6,500.

ಒಮ್ಮೆ ಎಡವಿದ್ದೂ ಇದೆ. ಮೆಟ್‌ಫಾರ್ಮಿನ್ ಎಸ್‌ಆರ್ ಬದಲು ಬರೇ ಮೆಟ್‌ಫಾರ್ಮಿನ್ ತಂದೆ. ಎಸ್‌ಆರ್ ನಿಧಾನ ಕರಗುವಂಥದ್ದು. ಬರೇದನ್ನು ನುಂಗಿ ಒಂದು ವಾರ ಹೊಟ್ಟೆ ಕೆಟ್ಟಿತು. ಪಟ್ಟಿಯ ಮೇಲಿನ ಆ ಎರಡು ಅಕ್ಷರ ನೋಡಿ ತನ್ನಿ. ಇನ್ನು ಟೀಚರಮ್ಮನ ಥೈರಾಯ್ಡ್ ಮಾತ್ರೆಯನ್ನು ನೀವಾಗಿ ಬದಲಿಸಬೇಡಿ. ಅದರ ಕಂಪೆನಿ ಬದಲಾದರೆ ಆರೆಂಟು ವಾರ ಬಿಟ್ಟು ಟಿಎಸ್‌ಎಚ್ ರಕ್ತಪರೀಕ್ಷೆ ಮತ್ತೆ ಮಾಡಿಸಬೇಕು, ಉಳಿಸಿದ ಹಣ ಅಲ್ಲೇ ಹೋಯಿತು.

ಮಂಜೇಶ್ವರದಿಂದ:
ನಮ್ಮ ಅಮ್ಮನಿಗೂ ಕ್ಷೇಮ ಪಿಂಚಣಿ ಎರಡು ತಿಂಗಳು ತಡವಾಗಿತ್ತು. ಪಂಚಾಯತಿನಲ್ಲಿ ವಿಚಾರಿಸಿ ಮಾಸ್ಟ್ರೇ.

ಬದಿಯಡ್ಕದಿಂದ:
ನನ್ನದು ಸರ್ವಿಸ್ ಪಿಂಚಣಿ ಮಾರಾಯ್ರೇ, ತಡ ಆಗಿಲ್ಲ. ಟೀಚರಮ್ಮ ಅಂದದ್ದು ಕೇಳಿ ಮನೆಯಲ್ಲಿ ಒಬ್ಬರು ನಗುತ್ತಿದ್ದಾರೆ. ಅವಳು ಟೀಚರಲ್ಲ! ಆಸ್ಪತ್ರೆಗೆ ಸೇರಿದರೆ ಸರಕಾರದ ಮೆಡಿಸೆಪ್ ವಿಮೆ ಇದೆಯಲ್ಲ, ಅದಕ್ಕೂ ಬೇರೆ ಇಡಬೇಕಾ?

ಕುಂಬಳೆಯಿಂದ:
ಇಡಬೇಕು. ಮೆಡಿಸೆಪ್ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದಾಗಿನ ಖರ್ಚಿಗೆ. ತಿಂಗಳ ಮಾತ್ರೆಗೆ ಅದು ಬರುವುದಿಲ್ಲ. ಪಟ್ಟಿಯಲ್ಲಿರುವ ಆಸ್ಪತ್ರೆ ಆಗಬೇಕು, ನಿಮಗೆ ಬೇಕಾದ ಚಿಕಿತ್ಸೆಯ ವಿಭಾಗವೂ ಪಟ್ಟಿಯಲ್ಲಿರಬೇಕು. ನಾನು ಮಂಗಳೂರಿನ ಒಂದು ಕಡೆ ಸೇರಿದ ಮೇಲೆ ‘ಈ ವಿಭಾಗಕ್ಕೆ ಇಲ್ಲ’ ಅಂದರು. ರಾತ್ರಿ ಹತ್ತಕ್ಕೆ 40,000 ಕಟ್ಟಿದೆ.

ಆ ಮೇಲೆ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 5 ಲಕ್ಷ ಹಾಕಿದೆ. ನಾನು ಹಾಕಿದ್ದು 8.2 ಶೇಕಡಾ ಬಡ್ಡಿಗೆ. ಮೂರು ತಿಂಗಳಿಗೊಮ್ಮೆ 10,250 ಬರುತ್ತದೆ. ಅದು ಆಸ್ಪತ್ರೆಗೆಂದೇ ಇಟ್ಟದ್ದು. ಆದರೆ ಅದರ ಅಸಲು ಐದು ವರ್ಷ ಕಟ್ಟಿಹಾಕಿದ ಹಾಗೆ, ಮೊದಲೇ ತೆಗೆದರೆ ಕಡಿತ ಇದೆ. ಅದಕ್ಕೇ ಒಂದು ಲಕ್ಷ ಮಾತ್ರ ಬ್ಯಾಂಕಿನಲ್ಲಿ ಬೇರೆ ಎಫ್‌ಡಿ, ಬೇಕಾದ ದಿನ ಮುರಿಯುವುದಕ್ಕೆ.

ಕಾಸರಗೋಡಿನಿಂದ:
ಬಿಪಿ, ಸಕ್ಕರೆಗೆ ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲೇ ಮಾತ್ರೆ ಕೊಡುತ್ತಾರಲ್ಲ, ಅದನ್ನು ಯಾರೂ ಹೇಳಲಿಲ್ಲ! ಸ್ಟಾಕ್ ಇಲ್ಲದ ವಾರವೂ ಇರುತ್ತದೆ, ಅಂದರೂ ಉಳಿದ ವಾರ ಉಚಿತ ಅಲ್ವಾ.

ನೀರ್ಚಾಲಿನಿಂದ, ಒಬ್ಬರು ಅಕ್ಕ:
ನಿಮ್ಮ ಲೆಕ್ಕದಲ್ಲೆಲ್ಲ ಇಬ್ಬರೂ ಇದ್ದಾರೆ. ನಮ್ಮವರು ಹೋದ ಮೇಲೆ ನನಗೆ ಸಿಗುವುದು ಕುಟುಂಬ ಪಿಂಚಣಿ, ಮೊದಲಿಗಿಂತ ಕಡಿಮೆ. ನನ್ನ ಮಾತ್ರೆ ಮಾತ್ರ ಅಷ್ಟೇ ಇದೆ. ಕರೆಂಟು, ಫೋನು, ಕೆಲಸದವಳ ಸಂಬಳವೂ ಅಷ್ಟೇ. ಮಾಸ್ಟ್ರೇ, ಆ ಉಳಿತಾಯ ಖಾತೆಯನ್ನು ಜಂಟಿಯಾಗಿ ತೆರೆಯಿರಿ. ಒಬ್ಬರ ಹೆಸರಲ್ಲೇ ಇಟ್ಟು ನಾನು ಕಾಗದ ಹಿಡಿದು ಓಡಾಡಿದ್ದು ಸಾಕು.

ಬದಿಯಡ್ಕದಿಂದ:
ಅಕ್ಕಾ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಾಳೆ ಇಬ್ಬರೂ ಅಂಚೆ ಕಚೇರಿಗೆ ಹೋಗುತ್ತೇವೆ. ಐದು ಲಕ್ಷ ನನ್ನಲ್ಲಿಲ್ಲ, ಎರಡರಲ್ಲಿ ಶುರು ಮಾಡಿದವರು ಇದ್ದರೆ ಹೇಳಿ.